ಒಂದು ಸೆಕೆಂಡಿನ ‘ಊಟ ಆಯ್ತಾ?’: ವಿಯೆಟ್ನಾಮಿ ಮಾತಿಗೆ ಸಬ್‌ಟೈಟಲ್ ಕೂರಿಸುವ ಕೆಲಸ

‘ಎಮ್ ಅನ್ ಕಮ್ ಚುಅ?’ ನಾಲ್ಕು ಪುಟ್ಟ ಪದಗಳು. ವಿಯೆಟ್ನಾಮಿನ ನಟ ಇಷ್ಟನ್ನು ಹೇಳಿ ಮುಗಿಸಲು ಹಿಡಿಯುವುದು ಹೆಚ್ಚೆಂದರೆ ಒಂದು ಸೆಕೆಂಡು. ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ತಂಗೀ, ನೀನು ಅನ್ನ ತಿಂದೆಯಾ, ಇಲ್ಲವಾ?’ ಎಂದಾಗುತ್ತದೆ. ನೋಡುಗ ಅದನ್ನು ಓದಿ ಮುಗಿಸುವ ಹೊತ್ತಿಗೆ ಪರದೆಯ ಮೇಲಿನ ಹೆಂಗಸು ಮುಖ ತಿರುಗಿಸಿಯಾಗಿರುತ್ತದೆ. ಅದು ಸಾಲದೆಂಬಂತೆ, ಆತ ಮಾತಾಡುತ್ತಿರುವುದು ತನ್ನ ಪ್ರೇಯಸಿಯ ಜೊತೆಗೆ. ‘ತಂಗೀ’ ಎಂದು ಓದಿದ ಕನ್ನಡಿಗರಿಗೆ ಕಥೆಯೇ ಬುಡಮೇಲಾಗುತ್ತದೆ.

ಸಬ್‌ಟೈಟಲ್ ಎಂದರೆ ಸಂಭಾಷಣೆಯ ಅನುವಾದವನ್ನು ಚಿತ್ರದ ಅಡಿಗೆ ಅಂಟಿಸುವುದು ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ಕೆಲಸಕ್ಕೆ ಕೂತರೆ ಮೊದಲು ಎದುರಾಗುವುದು ಭಾಷೆಯಲ್ಲ, ಗಡಿಯಾರ. ನಟ ಬಾಯಿ ತೆರೆದಾಗ ಸಾಲು ಬರಬೇಕು, ಮಾತು ನಿಂತ ಸ್ವಲ್ಪದರಲ್ಲೇ ಹೋಗಬೇಕು. ಆ ನಡುವಿನ ಸಮಯದಲ್ಲಿ ಕಣ್ಣು ಕೆಳಗಿಳಿದು ಓದಿ, ಮತ್ತೆ ಮೇಲೇರಿ ನಟನ ಮುಖವನ್ನೂ ನೋಡಬೇಕು. ಈ ಓಡಾಟಕ್ಕೆ ಬಿಡುವು ಸಿಗಲೆಂದೇ ಅಳತೆಗಳು ಹುಟ್ಟಿಕೊಂಡಿವೆ. ಟಿವಿ ಕಾಲದ ಹಳೆಯ ಲೆಕ್ಕಕ್ಕೆ ‘ಆರು ಸೆಕೆಂಡಿನ ನಿಯಮ’ ಎನ್ನುತ್ತಿದ್ದರು. ಸಾಲಿಗೆ 37 ಅಕ್ಷರದಂತೆ ತುಂಬಿದ ಎರಡು ಸಾಲುಗಳನ್ನು ಓದಲು ಆರು ಸೆಕೆಂಡು ಬೇಕು ಎಂಬುದು ಅದರ ಸಾರ. ಸೆಕೆಂಡಿಗೆ ಸುಮಾರು 12 ಅಕ್ಷರ ಬೀಳುತ್ತದೆ. ಈಗಿನ ಅಳತೆ ಅದಕ್ಕಿಂತ ವೇಗದ್ದು. ನೆಟ್‌ಫ್ಲಿಕ್ಸ್ ತನ್ನ ಇಂಗ್ಲಿಷ್ ಸಬ್‌ಟೈಟಲ್‌ಗಳಿಗೆ ಇಟ್ಟುಕೊಂಡಿರುವ ಮಿತಿಯನ್ನೇ ನೋಡಿ: ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡೇ ಸಾಲು, ದೊಡ್ಡವರ ಚಿತ್ರವಾದರೆ ಸೆಕೆಂಡಿಗೆ 20 ಅಕ್ಷರ, ಮಕ್ಕಳದ್ದಾದರೆ 17. ಯಾವ ಸಬ್‌ಟೈಟಲ್ಲೂ ಒಂದು ಸೆಕೆಂಡಿನ ಆರರಲ್ಲಿ ಐದು ಭಾಗಕ್ಕಿಂತ ಕಡಿಮೆ ಹೊತ್ತು ನಿಲ್ಲಕೂಡದು, ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತೂ ನಿಲ್ಲಕೂಡದು. ಒಂದು ಹೋಗಿ ಇನ್ನೊಂದು ಬರುವ ನಡುವೆ ಕನಿಷ್ಠ ಎರಡು ಫ್ರೇಮ್ ಖಾಲಿ ಇರಬೇಕು. ಆ ಚೂರು ಖಾಲಿ ಇಲ್ಲದಿದ್ದರೆ ಸಾಲು ಬದಲಾದದ್ದೇ ಕಣ್ಣಿಗೆ ತಿಳಿಯುವುದಿಲ್ಲ.

ಸೆಕೆಂಡಿಗೆ 20 ಅತಿಯಾಯಿತೇ ಎಂಬ ವಾದ ಈ ಕ್ಷೇತ್ರದಲ್ಲಿ ಬಹಳ ದಿನದಿಂದ ಇದೆ. ಅಗ್ನೀಷ್ಕಾ ಶಾರ್ಕೋವ್‌ಸ್ಕಾ ಮತ್ತು ಒಲಿವಿಯಾ ಗೆರ್ಬೆರ್ ಮೊರೋನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್, ಪೋಲಿಷ್, ಸ್ಪ್ಯಾನಿಷ್ ನೋಡುಗರ ಕಣ್ಣಿನ ಚಲನೆಯನ್ನು ಅಳೆದು, 12, 16, 20 ಅಕ್ಷರಗಳ ವೇಗವನ್ನು ಹೋಲಿಸಿ ನೋಡಿದರು. ವೇಗದ ಸಬ್‌ಟೈಟಲ್‌ಗಳ ಜೊತೆಗೂ ನೋಡುಗರು ಹೆಜ್ಜೆ ಹಾಕಬಲ್ಲರು ಎಂಬುದು ಅವರಿಗೆ ಕಂಡ ಫಲ. ಆದರೆ ಆ ಮೂರೂ ಭಾಷೆಗಳದು ರೋಮನ್ ಲಿಪಿ. ಆ ಸಂಖ್ಯೆಯನ್ನು ಎತ್ತಿ ತಂದು ಕನ್ನಡದ ಮೇಲೆ ಹಾಗೇ ಇಡಲು ಬರುವುದಿಲ್ಲ. ಕಾರಣ ತೀರಾ ಸರಳ: ಕಂಪ್ಯೂಟರ್ ‘ಅಕ್ಷರ’ ಎಂದು ಎಣಿಸುವುದು ನಾವು ಅಕ್ಷರ ಎನ್ನುವುದನ್ನಲ್ಲ.

‘ಲಕ್ಷ್ಮಿ’ ಎಂದರೆ ನಮಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏಳು. ಲ ಒಂದು, ಕ ಒಂದು, ವಿರಾಮ ಚಿಹ್ನೆ ಒಂದು, ಷ ಒಂದು, ಮತ್ತೆ ವಿರಾಮ, ಮ, ಕೊನೆಗೆ ಗುಡಿಸು. ಸಬ್‌ಟೈಟಲ್ ತಯಾರಿಸುವ ತಂತ್ರಾಂಶ ಸಾಮಾನ್ಯವಾಗಿ ಹೀಗೆಯೇ ಎಣಿಸಿ, ಮಿತಿ ಮೀರಿತೆಂದು ಕೆಂಪು ಬಣ್ಣ ತೋರಿಸುತ್ತದೆ. ‘ಗೆ’ಯಂಥ ವಿಭಕ್ತಿ ಸೇರುವಾಗ ಒತ್ತಕ್ಷರವಾಗದಂತೆ ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ತಡೆಯನ್ನೂ ಅದು ಒಂದು ಎಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಒಂದೇ ಉದ್ದ ಕಾಣುವ ಎರಡು ಕನ್ನಡ ಸಾಲುಗಳಲ್ಲಿ ಒಂದು ಪಾಸಾಗಿ ಇನ್ನೊಂದು ಫೇಲಾಗಬಹುದು. ವಿಯೆಟ್ನಾಮಿನದು ರೋಮನ್ ಲಿಪಿಯೇ ಆದರೂ ಸ್ವರದ ನೆತ್ತಿಯ ಮೇಲೆ ಒಂದರ ಮೇಲೊಂದು ಚಿಹ್ನೆ ಕೂರುತ್ತವೆ, ಕೆಲವೊಮ್ಮೆ ಅಡಿಯಲ್ಲೂ ಒಂದು ಚುಕ್ಕೆ ಬರುತ್ತದೆ. ಅಂಥ ಒಂದು ಸ್ವರವನ್ನು ಕಡತದಲ್ಲಿ ಒಂದೇ ಘಟಕವಾಗಿಯೂ ಇಡಬಹುದು, ಬಿಡಿಸಿ ಮೂರು ಘಟಕವಾಗಿಯೂ ಇಡಬಹುದು. ನೋಡಲು ಎರಡೂ ಒಂದೇ, ಎಣಿಕೆ ಮಾತ್ರ ಬೇರೆ. ಹೀಗಾಗಿ ಕೆಲಸ ಒಪ್ಪಿಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಮಿತಿ ಎಷ್ಟು’ ಎಂಬುದಲ್ಲ, ‘ಹೇಗೆ ಎಣಿಸುತ್ತೀರಿ’ ಎಂಬುದು. ಈ ಲೇಖನದಲ್ಲಿ ಸೆಕೆಂಡಿಗೆ 20 ಎಂದಿಟ್ಟುಕೊಂಡು, ತಂತ್ರಾಂಶದ ಲೆಕ್ಕದಲ್ಲೇ ಎಣಿಸೋಣ. ಪದಗಳ ನಡುವಿನ ಜಾಗವೂ ಪ್ರಶ್ನೆ ಚಿಹ್ನೆಯೂ ಅದರಲ್ಲಿ ಸೇರುತ್ತವೆ.

ಇನ್ನು ಮೂಲ ಭಾಷೆಯ ಕಡೆ ಬರೋಣ. ವಿಯೆಟ್ನಾಮಿ ಮಾತಿನಲ್ಲಿ ಬಹುಪಾಲು ತುಣುಕುಗಳು ಒಂದೇ ಉಚ್ಚಾರದವು. ಉತ್ತರದ ಹನೋಯ್ ಕಡೆ ಆರು ಬಗೆಯ ಸ್ವರದ ಏರಿಳಿತ ಇದೆ, ದಕ್ಷಿಣದ ಸೈಗಾನ್ ಕಡೆ ಅವುಗಳಲ್ಲಿ ಎರಡು ಬೆರೆತು ಐದಾಗಿವೆ. ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ನಾವು ಪ್ರತ್ಯಯ ಹಚ್ಚಿ ಪದವನ್ನು ಉದ್ದ ಮಾಡಿ ಹೇಳುವುದನ್ನು ಅವರು ದನಿ ಏರಿಸಿ ಇಳಿಸಿ, ಪದಗಳನ್ನು ಪಕ್ಕಪಕ್ಕ ಇಟ್ಟು ಹೇಳಿ ಮುಗಿಸುತ್ತಾರೆ. 17 ಭಾಷೆಗಳ ಮಾತಿನ ವೇಗವನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೊಂದು ಉಚ್ಚಾರದೊಳಗೆ ಹೆಚ್ಚು ಮಾಹಿತಿ ತುಂಬಿಕೊಳ್ಳುವ ಭಾಷೆಗಳ ಮುಂಚೂಣಿಯಲ್ಲಿ ವಿಯೆಟ್ನಾಮಿ ಇದೆ. ಸಬ್‌ಟೈಟಲ್ ಬರೆಯುವವರಿಗೆ ಇದರ ಅರ್ಥ ಇಷ್ಟು: ಕಿವಿಗೆ ಚಿಕ್ಕದಾಗಿ ಕೇಳಿದ ಮಾತು ಕನ್ನಡದಲ್ಲಿ ಚಿಕ್ಕದಾಗಿ ಇರುವುದಿಲ್ಲ.

ಹಾಗಾದರೆ ಏನನ್ನೋ ಬಿಡಬೇಕು. ಏನನ್ನು ಬಿಡಬೇಕು ಎಂಬುದರಲ್ಲೇ ಇಡೀ ಕಸುಬು ಇದೆ. ಹೊಸಬರ ಕತ್ತರಿ ಮೊದಲು ಹೋಗುವುದು ‘ನಾನು’, ‘ನೀನು’ಗಳ ಕಡೆ, ವಾಕ್ಯದ ಕೊನೆಯ ಚಿಕ್ಕಪುಟ್ಟ ಪದಗಳ ಕಡೆ. ವಿಯೆಟ್ನಾಮಿಯಲ್ಲಿ ಹಾಗೆ ಕಣ್ಣುಮುಚ್ಚಿ ಕತ್ತರಿಸಿದರೆ ಕಥೆಯ ಜೀವವೇ ಹೋಗಬಹುದು. ಅಲ್ಲಿ ‘ನಾನು’, ‘ನೀನು’ ಎಂಬುದಕ್ಕೆ ಎಲ್ಲ ಕಾಲಕ್ಕೂ ಎಲ್ಲರಿಗೂ ಸಲ್ಲುವ ಒಂದೊಂದು ಪದವಿಲ್ಲ. ಸಂಬಂಧವಾಚಕಗಳೇ ಸರ್ವನಾಮಗಳು. ‘ಆಞ್’ ಎಂದರೆ ಅಣ್ಣ, ‘ಎಮ್’ ಎಂದರೆ ತಮ್ಮ ಅಥವಾ ತಂಗಿ, ‘ಚಿ’ ಎಂದರೆ ಅಕ್ಕ, ‘ಕೋನ್’ ಎಂದರೆ ಮಗು. ನಮ್ಮಲ್ಲಿ ತಾಯಿ ಪುಟ್ಟ ಮಗುವಿಗೆ ‘ಅಮ್ಮ ಹೇಳ್ತಾಳೆ ಕೇಳು’ ಎಂದು ತನ್ನನ್ನೇ ಅಮ್ಮ ಎಂದುಕೊಳ್ಳುವುದುಂಟಲ್ಲ, ಅದು ಅಲ್ಲಿ ಜೀವನಪೂರ್ತಿಯ ರೂಢಿ. ಐವತ್ತು ವರ್ಷದ ಮಗನೂ ತಾಯಿಯ ಎದುರು ತನ್ನನ್ನು ‘ಕೋನ್’ ಎಂದೇ ಕರೆದುಕೊಳ್ಳುತ್ತಾನೆ. ಪ್ರೇಮಿಗಳಲ್ಲಿ, ಗಂಡಹೆಂಡಿರಲ್ಲಿ ಗಂಡು ‘ಆಞ್’, ಹೆಣ್ಣು ‘ಎಮ್’. ಅಣ್ಣತಂಗಿಯರ ಪದವೇ ಆದರೂ ಅಲ್ಲಿ ಅದು ಒಲವಿನ ಮಾತು. ಕನ್ನಡದಲ್ಲಿ ಆ ಪದಗಳನ್ನು ಹಾಗೇ ಇಡುವ ಮಾತೇ ಇಲ್ಲ.

ಇದರಿಂದ ಇನ್ನೊಂದು ತೊಡಕಿದೆ. ‘ಎಮ್’ ಎಂದವಳು ಹೆಂಗಸಾದರೆ ಅದು ‘ನಾನು’. ಅದೇ ಪದವನ್ನು ಅವಳ ಗಂಡ ಹೇಳಿದರೆ ‘ನೀನು’. ಮೂರನೆಯವರು ಅವಳ ಬಗ್ಗೆ ಹೇಳುವಾಗಲೂ ಅದು ಬರಬಹುದು. ಹಾಳೆಯ ಮೇಲೆ ಸಂಭಾಷಣೆಯ ಪಟ್ಟಿ ಮಾತ್ರ ಕೊಟ್ಟು, ಮಾತಾಡಿದವರ ಹೆಸರನ್ನೂ ಚಿತ್ರವನ್ನೂ ಕೊಡದೆ ಅನುವಾದಿಸಿಕೊಡಿ ಎಂದರೆ, ಎಷ್ಟು ಭಾಷೆ ಬಲ್ಲವರೂ ಕೆಲವು ಸಾಲುಗಳಲ್ಲಿ ಯಾರು ಯಾರನ್ನು ಪ್ರೀತಿಸಿದರೆಂದು ಉಲ್ಟಾ ಬರೆಯುತ್ತಾರೆ. ಚಿತ್ರ ನೋಡದೆ ಈ ಕೆಲಸಕ್ಕೆ ಕೈಹಾಕಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ದೃಶ್ಯವನ್ನು ನಾವೇ ಕಟ್ಟಿಕೊಂಡು ಕೆಲಸ ಮಾಡಿ ನೋಡೋಣ. ಹನೋಯ್‌ನ ಒಂದು ಬಾಡಿಗೆ ಮನೆ. ಲಾನ್ ಎಂಬಾಕೆ ಒಲೆಯ ಮುಂದೆ ನಿಂತಿದ್ದಾಳೆ. ಅವಳ ಜೊತೆಗಾರ ತುವಾನ್ ತಡವಾಗಿ ಬಂದಿದ್ದಾನೆ. ಈವರೆಗಿನ ಕಥೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ‘ಆಞ್’, ‘ಎಮ್’ ಎಂದೇ ಮಾತಾಡಿದ್ದಾರೆ. ಕನ್ನಡದಲ್ಲಿ ಇಬ್ಬರಿಗೂ ‘ನೀನು’ ಕೊಟ್ಟಿದ್ದೇವೆ.

ತುವಾನ್ ಕೇಳುವುದು ಮೊದಲೇ ಕಂಡ ಆ ಮಾತು, ‘ಎಮ್ ಅನ್ ಕಮ್ ಚುಅ?’ ಪದಶಃ ಅನುವಾದ ತಂತ್ರಾಂಶದ ಲೆಕ್ಕದಲ್ಲಿ 32 ಆಗುತ್ತದೆ, ಸಮಯ ಒಂದೇ ಸೆಕೆಂಡು. ಅಳತೆಗೆ ಬಹಳ ದೂರ. ಆದರೆ ಇದನ್ನು ಕೇಳುವ ರೂಢಿಯ ಮಾತು ನಮ್ಮಲ್ಲೂ ಇದೆ: ‘ಊಟ ಆಯ್ತಾ?’ ಒಂಬತ್ತೇ ಘಟಕ. ಅಲ್ಲಿಯಂತೆಯೇ ಇಲ್ಲೂ ಇದು ಅನ್ನದ ವಿಚಾರಣೆಯಷ್ಟೇ ಅಲ್ಲ, ಮಾತು ಶುರು ಮಾಡುವ ಬಗೆ. ಇಲ್ಲಿ ‘ಎಮ್’ ಬಿಟ್ಟುಹೋದರೂ ನಷ್ಟವಿಲ್ಲ. ಎಂದಿನಂತೆ ಕರೆದಿದ್ದಾನೆ, ಹೊಸದೇನೂ ಆಗಿಲ್ಲ.

ಲಾನ್ ಉತ್ತರ: ‘ಝೋಯ್.’ ಆಯಿತು ಎಂದರ್ಥ. ಹೇಳಲು ಸೆಕೆಂಡಿನ ಮೂರನೆಯ ಒಂದು ಭಾಗವೂ ಹಿಡಿಯುವುದಿಲ್ಲ, ಸಿನಿಮಾದ ಲೆಕ್ಕದಲ್ಲಿ ಏಳು ಫ್ರೇಮ್. ಸಬ್‌ಟೈಟಲ್ ಕನಿಷ್ಠ 20 ಫ್ರೇಮ್ ನಿಲ್ಲಬೇಕು. ಸುಲಭದ ದಾರಿ ಎಂದರೆ ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಸಬ್‌ಟೈಟಲ್‌ನ ಎರಡು ಸಾಲಾಗಿ, ಮುಂದೆ ಗೆರೆ ಹಾಕಿ ಕೊಡುವುದು. ಚಟಪಟ ಮಾತುಕತೆಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಈ ದೃಶ್ಯದಲ್ಲಿ ಮಾತ್ರ ಅದು ಕೂಡದು. ಅವನು ಕೇಳಿದ ಮೇಲೆ ಅವಳು ಎರಡು ಸೆಕೆಂಡು ಸುಮ್ಮನಿದ್ದಾಳೆ. ಮಾತಾಡುತ್ತಾಳೋ ಇಲ್ಲವೋ ಎಂದು ಅವನೂ ಕಾಯುತ್ತಾನೆ, ನಾವೂ ಕಾಯಬೇಕು. ಉತ್ತರವನ್ನು ಪ್ರಶ್ನೆಯ ಕೆಳಗೇ ಇಟ್ಟರೆ ಆ ಎರಡು ಸೆಕೆಂಡನ್ನು ನಿರ್ದೇಶಕನ ಕೈಯಿಂದ ನಾವು ಕಿತ್ತುಕೊಂಡಂತೆ. ಹಾಗಾಗಿ ಉತ್ತರವನ್ನು ಬೇರೆಯಾಗಿಟ್ಟು, ಅವಳು ಬಾಯಿ ತೆರೆದ ಫ್ರೇಮಿಗೇ ಶುರು ಮಾಡಿ, ಕೊರತೆ ಬಿದ್ದ ಸಮಯವನ್ನು ನಂತರದ ಮೌನದಿಂದ ಸಾಲ ತೆಗೆದುಕೊಳ್ಳುತ್ತೇವೆ. ಕಡತದಲ್ಲಿ ಅದು ಹೀಗೆ ಕಾಣುತ್ತದೆ:

```
41
00:12:03,400 --> 00:12:04,400
ಊಟ ಆಯ್ತಾ?

42
00:12:06,500 --> 00:12:07,333
ಆಯ್ತು.
```

ಮೇಲಿನ ಸಂಖ್ಯೆ ಸಾಲಿನ ಕ್ರಮ. ನಡುವಿನದು ಬರುವ ಮತ್ತು ಹೋಗುವ ಸಮಯ: ಗಂಟೆ, ನಿಮಿಷ, ಸೆಕೆಂಡು, ಅಲ್ಪವಿರಾಮದ ನಂತರ ಸೆಕೆಂಡಿನ ಸಾವಿರದ ಭಾಗ. 42ನೆಯದು ನಿಂತಿರುವುದು 0.833 ಸೆಕೆಂಡು, ಅಂದರೆ ಸರಿಯಾಗಿ 20 ಫ್ರೇಮ್.

ತುವಾನ್ ಮುಂದುವರಿಸುತ್ತಾನೆ: ‘ಆಞ್ ಸಿನ್ ಲೋಯ್ ಎಮ್.’ ಅಣ್ಣ ಎಂಬ ‘ನಾನು’ ತಂಗಿ ಎಂಬ ‘ನಿನ್ನ’ ಕ್ಷಮೆ ಕೇಳುತ್ತಿದ್ದೇನೆ. ‘ನನ್ನನ್ನು ದಯವಿಟ್ಟು ಕ್ಷಮಿಸಿಬಿಡು’ ಎಂದು ಬರೆದರೆ 30 ಘಟಕ, ಸಿಗುವ ಸಮಯ 1.1 ಸೆಕೆಂಡು. ಹೊಂದುವುದಿಲ್ಲ, ಮೇಲಾಗಿ ಮನೆಯೊಳಗೆ ಹಾಗೆ ಯಾರೂ ಮಾತಾಡುವುದೂ ಇಲ್ಲ. ‘ತಪ್ಪಾಯ್ತು ಕಣೇ’ ಎಂದರೆ ಚುಕ್ಕಿಯೂ ಸೇರಿ 14. ಸಂಬಂಧದ ಸಲಿಗೆಯನ್ನು ‘ಕಣೇ’ ಹೊತ್ತುಕೊಂಡಿದೆ. ಇಂಗ್ಲಿಷ್‌ನಲ್ಲಿ ಸಬ್‌ಟೈಟಲ್ ಬರೆಯುವವರಿಗೆ ಇಲ್ಲದ ಅನುಕೂಲ ಇದು. ಕಣೋ, ಕಣೇ, ರೀ, ಅಂತೆ, ತಾನೆ ಇಂಥ ಬಾಲಗಳು ನಮ್ಮ ಮಾತಿನಲ್ಲಿ ಬೇಕಾದಷ್ಟಿವೆ. ವಿಯೆಟ್ನಾಮಿಯಲ್ಲೂ ವಾಕ್ಯದ ಕೊನೆಗೆ ‘ಞೆ’, ‘ಆ’, ‘ದಿ’ಯಂಥ ಚಿಕ್ಕ ಪದಗಳು ಬಂದು ಸಲಿಗೆ, ಮರ್ಯಾದೆ, ಒತ್ತಾಯಗಳನ್ನು ತರುತ್ತವೆ. ಮೂರು ನಾಲ್ಕು ಘಟಕ ಖರ್ಚು ಮಾಡಿ ಒಂದು ‘ಕಣೇ’ ಇಟ್ಟರೆ ಅದು ಒಂದಿಡೀ ವಾಕ್ಯದ ಕೆಲಸ ಮಾಡುತ್ತದೆ.

ಈಗ ಬರುತ್ತದೆ ದೃಶ್ಯದ ತಿರುವು. ಲಾನ್ ಹೇಳುತ್ತಾಳೆ: ‘ತೋಯ್ ಖೋಂಗ್ ಸಾವ್.’ ನನಗೇನೂ ಆಗಿಲ್ಲ, ಪರವಾಗಿಲ್ಲ ಎಂದರ್ಥ. ಅರ್ಥದಲ್ಲಿ ವಿಶೇಷವೇನಿಲ್ಲ. ವಿಶೇಷವೆಲ್ಲ ಆ ಮೊದಲ ಪದದಲ್ಲಿದೆ. ಇಷ್ಟು ದಿನ ತನ್ನನ್ನು ‘ಎಮ್’ ಎಂದುಕೊಂಡವಳು ಈಗ ‘ತೋಯ್’ ಎಂದಿದ್ದಾಳೆ. ಅಪರಿಚಿತರೊಂದಿಗೆ, ಕಚೇರಿಯ ವ್ಯವಹಾರದಲ್ಲಿ ಬಳಸಿದರೆ ‘ತೋಯ್’ ಸಾದಾ ‘ನಾನು’. ಪ್ರೇಮಿಯ ಎದುರು ಬಳಸಿದರೆ ಬಾಗಿಲು ಹಾಕಿದಂತೆ. ವಿಯೆಟ್ನಾಮಿ ನೋಡುಗರು ಆ ಒಂದು ಉಚ್ಚಾರಕ್ಕೇ ಬೆಚ್ಚುತ್ತಾರೆ. ನಮಗೆ ಇಲ್ಲಿರುವ ಸಮಯ 0.9 ಸೆಕೆಂಡು, ಅಂದರೆ 18 ಘಟಕ.

‘ನಾನು ಚೆನ್ನಾಗಿದ್ದೀನಿ’ ಎಂದರೆ ಉದ್ದವೂ ಮೀರುತ್ತದೆ, ತಿರುವೂ ಕಳೆಯುತ್ತದೆ. ಕನ್ನಡದ ‘ನಾನು’ ಎಲ್ಲರೆದುರೂ ಒಂದೇ, ಅದು ತಣ್ಣಗಾಗುವುದಿಲ್ಲ. ನಮ್ಮಲ್ಲಿ ದೂರ ತೋರಿಸುವುದು ‘ನೀನು’ ಹೋಗಿ ‘ನೀವು’ ಬಂದಾಗ. ಹಾಗಾದರೆ ಮೂಲದಲ್ಲಿ ‘ನಾನು’ವಿನಲ್ಲಿ ಆದದ್ದನ್ನು ಕನ್ನಡದಲ್ಲಿ ‘ನೀವು’ವಿಗೆ ಸಾಗಿಸಬೇಕು. ‘ಪರವಾಗಿಲ್ಲ ಬಿಡಿ.’ ಹದಿನೈದು ಘಟಕ, 0.9 ಸೆಕೆಂಡಿಗೆ ಹಾಯಾಗಿ ಹೊಂದುತ್ತದೆ. ‘ಬಿಡು’ ಎನ್ನಬೇಕಾದಲ್ಲಿ ‘ಬಿಡಿ’ ಎಂದದ್ದು ಕನ್ನಡದ ಯಾವ ಕಿವಿಯಿಂದಲೂ ತಪ್ಪಿಸಿಕೊಳ್ಳದು.

ತುವಾನ್‌ನ ಮುಂದಿನ ಮಾತು ಆ ಪದವನ್ನೇ ಹಿಡಿದುಕೊಳ್ಳುತ್ತದೆ: ‘ಸಾವ್ ಎಮ್ ಲಾಯ್ ಸುಂಗ್ ತೋಯ್ ವಯ್ ಆಞ್?’ ನನ್ನ ಜೊತೆ ನಿನ್ನನ್ನು ‘ತೋಯ್’ ಅಂತ ಯಾಕೆ ಕರೆದುಕೊಳ್ತಾ ಇದ್ದೀಯ ಎಂದು ಕೇಳುತ್ತಿದ್ದಾನೆ. ಇದನ್ನು ಪದಶಃ ಕೊಟ್ಟರೆ 1.4 ಸೆಕೆಂಡಿನಲ್ಲಿ ಯಾರಿಗೂ ತಲೆಬುಡ ತಿಳಿಯದು. ಹಿಂದಿನ ಸಾಲಿನಲ್ಲಿ ‘ಬಿಡಿ’ ಇಟ್ಟಿದ್ದರಿಂದ ಇಲ್ಲಿ ಕೆಲಸ ಸುಲಭವಾಯಿತು: ‘ನನಗೇ ‘ಬಿಡಿ’ ಅಂತೀಯಾ?’ ಹತ್ತೊಂಬತ್ತು ಘಟಕ, ಸೆಕೆಂಡಿಗೆ 14ಕ್ಕಿಂತ ಕಡಿಮೆ. ಸಬ್‌ಟೈಟಲ್‌ನಲ್ಲಿ ಒಂದು ಸಾಲನ್ನು ಒಂಟಿಯಾಗಿ ಬರೆಯಲು ಆಗುವುದಿಲ್ಲ ಎಂಬುದು ಇಲ್ಲಿ ಕಾಣುತ್ತದೆ. ಮುಂದಿನ ಸಾಲು ಏನನ್ನು ಹಿಡಿದು ಎಳೆಯುತ್ತದೆ ಎಂದು ತಿಳಿದುಕೊಂಡು ಈ ಸಾಲಿನಲ್ಲಿ ಅದನ್ನು ಮೊದಲೇ ಇಟ್ಟಿರಬೇಕು.

ಈಗ ಲಾನ್‌ಗೆ ಸಿಟ್ಟು ನೆತ್ತಿಗೇರಿದೆ. ಹದಿನಾರು ಉಚ್ಚಾರಗಳ ಮಾತನ್ನು ಮೂರು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾಳೆ. ಬಿಡದೆ ಅನುವಾದಿಸಿದರೆ ಹೀಗೆ: ‘ನೀವು ಯಾರ ಜೊತೆಗೆ ಹೋಗುತ್ತೀರೋ ನನಗೆ ತಿಳಿಯಬೇಕಾದ ಅಗತ್ಯವಿಲ್ಲ, ಆದರೆ ಈ ತಿಂಗಳ ಮನೆ ಬಾಡಿಗೆಯನ್ನು ನೀವೇ ಕಟ್ಟಬೇಕು.’ ಎಣಿಸಿದರೆ 98. ಎರಡು ಸಾಲಿಗೆ ಇರುವ ಜಾಗ 84. ವೇಗ ಸೆಕೆಂಡಿಗೆ 32ಕ್ಕೂ ಮೇಲೆ. ಎರಡೂ ಮಿತಿ ಮುರಿದಿವೆ. ಈಗ ಒಂದೊಂದನ್ನೇ ತೂಗಬೇಕು. ‘ಆದರೆ’ ಬೇಕಿಲ್ಲ, ಎರಡು ಸಾಲಾಗಿ ಒಡೆದಾಗ ಆ ಒಡಕೇ ‘ಆದರೆ’ ಎನ್ನುತ್ತದೆ. ‘ಮನೆ’ ಬೇಕಿಲ್ಲ, ಬಾಡಿಗೆ ಎಂದರೆ ಸಾಕು. ‘ಬಾಡಿಗೆಯನ್ನು’ ಎಂಬುದರ ‘ಯನ್ನು’ ಆಡುಮಾತಿನಲ್ಲಿ ಇರುವುದೇ ಇಲ್ಲ. ‘ತಿಳಿಯಬೇಕಾದ ಅಗತ್ಯವಿಲ್ಲ’ ಎಂಬ ಇಪ್ಪತ್ತೊಂದು ಘಟಕಕ್ಕೆ ‘ನನಗೇನು?’ ಎಂಬ ಜಗಳದ ಮಾತು ನಮ್ಮ ಬಾಯಲ್ಲೇ ಇದೆ. ಉಳಿಸಲೇಬೇಕಾದ್ದು ಒಂದು: ಬಹುವಚನ. ಅವಳು ಇನ್ನೂ ‘ತೋಯ್’ ಬಿಟ್ಟಿಲ್ಲ.

```
46
00:12:15,000 --> 00:12:18,000
ಯಾರ ಜೊತೆ ಹೋದ್ರೆ ನನಗೇನು?
ಈ ತಿಂಗಳ ಬಾಡಿಗೆ ನೀವೇ ಕಟ್ಟಿ.
```

ಮೊದಲ ಸಾಲು 23, ಎರಡನೆಯದು 26, ಒಟ್ಟು 49. ಸೆಕೆಂಡಿಗೆ 16 ಚಿಲ್ಲರೆ. ಓದಿದ ಮೇಲೆ ಅವನ ಮುಖ ನೋಡಲೂ ಬಿಡುವು ಉಳಿಯುತ್ತದೆ. ಸಾಲು ಒಡೆಯುವ ಜಾಗವನ್ನು ತಂತ್ರಾಂಶದ ಪಾಲಿಗೆ ಬಿಡಬಾರದು. ಮೇಲಿನ ಸಾಲಿನಲ್ಲಿ ಜಾಗವಿದೆ ಎಂದು ಅದು ‘ಈ’ ಎಂಬುದನ್ನು ಮೇಲೇರಿಸಿ, ‘ತಿಂಗಳ ಬಾಡಿಗೆ’ಯನ್ನು ಕೆಳಗೆ ಬಿಟ್ಟರೆ ಕಣ್ಣು ಎಡವುತ್ತದೆ. ಎಡವಿದ ಕಣ್ಣು ಹಿಂದೆ ಹೋಗಿ ಮತ್ತೆ ಓದುತ್ತದೆ, ಆಗ ಸೆಕೆಂಡಿಗೆ 16 ಎಂಬ ಲೆಕ್ಕಕ್ಕೆ ಅರ್ಥವೇ ಇಲ್ಲ. ಕನ್ನಡದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿದು, ಕೆಳಸಾಲಿನ ಗುಡಿಸು, ಏತ್ವಗಳಿಗೆ ತಾಗುವುದುಂಟು. ಸಾಲುಗಳ ನಡುವಿನ ಅಂತರ ಇಂಗ್ಲಿಷ್‌ಗೆ ಇಟ್ಟಷ್ಟೇ ಇದ್ದರೆ ಸಣ್ಣ ಪರದೆಯಲ್ಲಿ ಎರಡೂ ಕಲಸಿಹೋಗುತ್ತವೆ.

ಇದೇ ದೃಶ್ಯ ಬಹಳ ಸಲ ಕೆಡುವುದು ಎಲ್ಲಿ ಎಂದು ಹೇಳುತ್ತೇನೆ. ಸಬ್‌ಟೈಟಲ್ ಕೆಲಸ ಅನೇಕ ಕಡೆ ಮೂಲ ಭಾಷೆಯಿಂದ ನೇರವಾಗಿ ನಡೆಯುವುದಿಲ್ಲ. ಮೊದಲು ಇಂಗ್ಲಿಷ್‌ನಲ್ಲಿ ಒಂದು ಕಡತ ಮಾಡಿ, ಸಮಯವನ್ನೆಲ್ಲ ಅದರಲ್ಲೇ ಕೂರಿಸಿ, ಅದನ್ನು ಅಚ್ಚಾಗಿ ಇಟ್ಟುಕೊಂಡು ಉಳಿದ ಭಾಷೆಗಳಿಗೆ ಕೊಡುತ್ತಾರೆ. ಇಂಗ್ಲಿಷ್‌ನವರು ‘ತೋಯ್ ಖೋಂಗ್ ಸಾವ್’ಗೆ ‘ಐಯಾಮ್ ಫೈನ್’ ಎಂದು ಬರೆದಿರುತ್ತಾರೆ. ಅವರ ಪಾಲಿಗೆ ಸರಿಯೇ, ಅವರ ‘ಐ’, ‘ಯೂ’ಗಳಲ್ಲಿ ಈ ಭೇದಕ್ಕೆ ಜಾಗವಿಲ್ಲ. ಮುಂದಿನ ಮಾತಿಗೆ ‘ವೈ ಸೋ ಫಾರ್ಮಲ್?’ ಎಂದು ಹೇಗೋ ನಿಭಾಯಿಸಿರುತ್ತಾರೆ. ಅದನ್ನು ಹಿಡಿದು ಕನ್ನಡಕ್ಕೆ ಬರುವವರು ‘ನಾನು ಚೆನ್ನಾಗಿದ್ದೀನಿ’ ಎಂದೂ, ‘ಯಾಕಿಷ್ಟು ಔಪಚಾರಿಕ?’ ಎಂದೂ ಬರೆಯುತ್ತಾರೆ. ಎರಡೂ ವಾಕ್ಯ ವ್ಯಾಕರಣಕ್ಕೆ ಸರಿ, ಒಟ್ಟಿಗೆ ಓದಿದರೆ ಅರ್ಥವಿಲ್ಲ. ಚೆನ್ನಾಗಿದ್ದೀನಿ ಎಂದವಳಿಗೆ ಔಪಚಾರಿಕ ಎಂದೇಕೆ ದೂರು? ಕನ್ನಡದ ಹತ್ತಿರ ಇದ್ದ ‘ಬಿಡಿ’ಯನ್ನು ಇಂಗ್ಲಿಷ್‌ನ ಬಡತನ ನುಂಗಿಹಾಕಿತು.

ಮೂಲ ಭಾಷೆ ಬಾರದಿದ್ದರೂ ಈ ತಪ್ಪನ್ನು ಹಿಡಿಯಬಹುದು. ಸಬ್‌ಟೈಟಲ್ ಹೇಳುವುದಕ್ಕಿಂತ ನಟನ ಮುಖ ಹೆಚ್ಚು ಪ್ರತಿಕ್ರಿಯೆ ತೋರಿಸಿದರೆ ಅಲ್ಲಿ ಏನೋ ಸೋರಿದೆ ಎಂದು ತಿಳಿಯಬೇಕು. ಆಗ ಆ ತುಣುಕನ್ನು ಮತ್ತೆ ಮತ್ತೆ ಹಾಕಿ ಕೇಳಬೇಕು. ಈವರೆಗೆ ‘ಎಮ್’ ಎಂದು ಕೇಳುತ್ತಿದ್ದ ಜಾಗದಲ್ಲಿ ‘ತೋಯ್’ ಎಂದು ಕೇಳಿಸಿದರೆ ಸುಳಿವು ಸಿಕ್ಕಿತು. ಉಳಿದದ್ದನ್ನು ಭಾಷೆ ಬಲ್ಲವರನ್ನು ಕೇಳಿ ಖಚಿತ ಮಾಡಿಕೊಳ್ಳಬಹುದು. ಕರೆಯುವ ಪದ ಹಳೆಯದೇ ಮರಳಿ ಬಂದಾಗ ಅದನ್ನು ಮೊದಲು ಕತ್ತರಿಸಿ, ಬದಲಾದಾಗ ಉಳಿದೆಲ್ಲವನ್ನೂ ಕತ್ತರಿಸಿ ಅದೊಂದನ್ನು ಉಳಿಸಿ ಎಂದು ಹೊಸದಾಗಿ ಕಲಿಯುವವರಿಗೆ ನಾನು ಹೇಳುತ್ತೇನೆ.

ವಾಕ್ಯದ ಕ್ರಮದ್ದೊಂದು ಸಮಸ್ಯೆ ಇದೆ. ವಿಯೆಟ್ನಾಮಿಯಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಸರದಿ. ‘ಇಲ್ಲ’ ಎನ್ನುವ ‘ಖೋಂಗ್’ ಕ್ರಿಯಾಪದಕ್ಕೂ ಮುಂಚೆ ಬರುತ್ತದೆ. ‘ಎಮ್ ಖೋಂಗ್ ದಿ ಡಾನಾಂಗ್ ವಯ್ ಆಞ್’ ಎಂದಾಗ ಎರಡನೆಯ ಉಚ್ಚಾರಕ್ಕೇ ನಿರಾಕರಣೆ ಬಿದ್ದಿರುತ್ತದೆ, ಕೇಳಿದವನ ಮುಖ ಅಲ್ಲೇ ಬಾಡಿರುತ್ತದೆ. ‘ನಿನ್ನ ಜೊತೆ ಡಾನಾಂಗ್‌ಗೆ ನಾನು ಬರಲ್ಲ’ ಎಂಬ ಕನ್ನಡ ಸಾಲಿನಲ್ಲಿ ನಿರಾಕರಣೆ ಇರುವುದು ಕಟ್ಟಕಡೆಗೆ. ಓದುವವರಿಗೆ ಇನ್ನೂ ಡಾನಾಂಗ್ ಊರಿನ ಹೆಸರಷ್ಟೇ ಸಿಕ್ಕಿದೆ, ನಟ ಆಗಲೇ ಕುಸಿದಿದ್ದಾನೆ. ಆಡುಮಾತಿನಲ್ಲಿ ನಾವು ಕ್ರಿಯಾಪದವನ್ನು ಮುಂದೆ ತರುವುದುಂಟು: ‘ಬರಲ್ಲ ನಾನು, ಡಾನಾಂಗ್‌ಗೆ.’ ಮುಖವೂ ಮಾತೂ ಒಟ್ಟಿಗೆ ಬಂದವು. ಬರವಣಿಗೆಯ ಕನ್ನಡದಲ್ಲಿ ಇದು ಎದ್ದು ಕಾಣಬಹುದು, ಸಬ್‌ಟೈಟಲ್‌ನಲ್ಲಿ ಇದೇ ಸಹಜ.

ಹೆಸರುಗಳ ವಿಷಯದಲ್ಲೂ ಓದುವ ವೇಗವನ್ನು ಮರೆಯಬಾರದು. ಅಲ್ಲಿನ ಅತಿ ಸಾಮಾನ್ಯ ಮನೆತನದ ಹೆಸರನ್ನು ರೋಮನ್ ಕಾಗುಣಿತ ನೋಡಿ ‘ಎನ್‌ಗುಯೆನ್’ ಎಂದು ಬರೆದರೆ ಓದುವವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಿವಿಗೆ ಬೀಳುವುದೂ ಹಾಗಿಲ್ಲ. ‘ನುಯೆನ್’ ಎಂದರೆ ಕಿವಿಗೂ ಹತ್ತಿರ, ಕಣ್ಣಿಗೂ ಹಗುರ. ದಕ್ಷಿಣ ವಿಯೆಟ್ನಾಮಿನ ಚಿತ್ರಗಳಲ್ಲಿ ಇನ್ನೊಂದು ಗೊಂದಲವಿದೆ. ಅಲ್ಲಿ ಮನೆಯ ಮಕ್ಕಳನ್ನು ಹುಟ್ಟಿದ ಸರದಿಯ ಸಂಖ್ಯೆಯಿಂದ ಕರೆಯುತ್ತಾರೆ, ಎಣಿಕೆ ಮಾತ್ರ ಎರಡರಿಂದ ಶುರು. ‘ಹಾಯ್’ ಎಂದರೆ ಎರಡು, ಆದರೆ ಹಾಗೆ ಕರೆಸಿಕೊಳ್ಳುವವರು ಮನೆಯ ಹಿರಿಯ ಮಗು. ‘ಫ್ಯೂರಿ’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಹೊರದೇಶಗಳಿಗೆ ಹೋದ 2019ರ ಹೊಡೆದಾಟದ ಚಿತ್ರದ ಮೂಲ ಹೆಸರು ‘ಹಾಯ್ ಫುಅಂಗ್’. ಅದರ ಮೊದಲ ಪದ ಇದೇ ‘ಹಾಯ್’. ಸಂಖ್ಯೆ ನೋಡಿ ‘ಎರಡನೇ ಅಣ್ಣ’ ಎಂದು ಬರೆದವರು ತಪ್ಪಿದರು. ‘ದೊಡ್ಡಣ್ಣ’, ‘ದೊಡ್ಡಕ್ಕ’ ಎಂಬುದು ನಮ್ಮಲ್ಲಿ ತಯಾರಾಗಿಯೇ ಇದೆ. ಇನ್ನು ‘ಎಮ್ ಓಯ್’ ಎಂದು ಓಣಿಯ ಆ ತುದಿಯಿಂದ ಮತ್ತೆ ಮತ್ತೆ ಕೂಗುವುದಕ್ಕೆ ಮೊದಲ ಸಲ ‘ಏ ಇವಳೇ’ ಎಂದು ಕೊಟ್ಟು ಸುಮ್ಮನಾಗಬಹುದು. ಕೂಗು ಎಂಬುದು ಕಿವಿಗೇ ಗೊತ್ತಾಗುತ್ತದೆ.

ಮುಗಿದ ಕಡತವನ್ನು ಸಬ್‌ಟೈಟಲ್ ಎಡಿಟ್, ಏಜಿಸಬ್‌ನಂಥ ಉಚಿತ ತಂತ್ರಾಂಶಗಳಲ್ಲಿ ತೆರೆದರೆ ಪ್ರತಿ ಸಾಲಿನ ಪಕ್ಕದಲ್ಲೂ ಸೆಕೆಂಡಿಗೆ ಎಷ್ಟು ಅಕ್ಷರ ಎಂದು ಕಾಣುತ್ತದೆ. ಕೆಂಪಾದದ್ದನ್ನು ತಿದ್ದುವುದು ಸುಲಭ. ಕೆಂಪಾಗದೆಯೂ ಕೆಟ್ಟ ಸಾಲುಗಳು ಇರುತ್ತವೆ, ಅವನ್ನು ತಂತ್ರಾಂಶ ಹಿಡಿಯದು. ಎರಡು ಸೆಕೆಂಡು ಮುಂಚೆ ಉತ್ತರ ಬಿಟ್ಟುಕೊಟ್ಟ ‘ಆಯ್ತು’ವಿನ ವೇಗ ಬರಿಯ ಏಳು ಇರಬಹುದು, ಆದರೂ ಅದು ತಪ್ಪು. ದೃಶ್ಯ ಬದಲಾದ ಮೇಲೂ ಎರಡು ಮೂರು ಫ್ರೇಮ್ ಉಳಿದ ಸಾಲು ಮಿಂಚಿದಂತೆ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಎಳೆದು ಹಿಂದಿನ ಕಟ್‌ಗೇ ಮುಗಿಸಬೇಕು. ಇದಕ್ಕೆಲ್ಲ ಇರುವ ಪರೀಕ್ಷೆ ಎಂದರೆ ಚಿತ್ರ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಎಲ್ಲೂ ನಿಲ್ಲಿಸದೆ ಒಮ್ಮೆ ಓಡಿಸುವುದು. ನಾವು ಪರದೆ ನೋಡಬಾರದು, ಅವರ ಕಣ್ಣು ನೋಡಬೇಕು. ಸಾಲು ಹೋಗುವ ಮುಂಚೆ ಕಣ್ಣು ಮೇಲೇರಿದರೆ ಸರಿ. ಸಾಲು ಹೋದ ಮೇಲೂ ಕೆಳಗೇ ಉಳಿದಿದ್ದರೆ ಆ ಸಾಲಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಚಿತ್ರದಿಂದ ಚಿತ್ರಕ್ಕೆ ಈ ಪರೀಕ್ಷೆಯ ಫಲ ಬೇರೆಯಾಗುತ್ತದೆ. ತ್ರಾನ್ ಆನ್ ಹುಂಗ್ 1993ರಲ್ಲಿ ಮಾಡಿದ ‘ಹಸಿರು ಪರಂಗಿಯ ಪರಿಮಳ’ದಂಥ ಚಿತ್ರದಲ್ಲಿ ಮಾತೇ ವಿರಳ. ಅಲ್ಲಿ ವೇಗದ ಮಿತಿ ಅಷ್ಟಾಗಿ ಕಾಡುವುದಿಲ್ಲ, ಸಾಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲದಂತೆ ನೋಡಿಕೊಳ್ಳುವುದೇ ಕೆಲಸ. ಫಾಮ್ ತಿಯೆನ್ ಆನ್ ಅವರ 2023ರ ‘ಹಳದಿ ಗೂಡಿನ ಒಳಗೆ’ ಸುಮಾರು ಮೂರು ಗಂಟೆಯ ಚಿತ್ರ, ಕಟ್ ಇಲ್ಲದ ದೀರ್ಘ ದೃಶ್ಯಗಳು. ಕಟ್ ಇಲ್ಲದ್ದರಿಂದ ಸಾಲನ್ನು ಎಷ್ಟು ಹೊತ್ತಾದರೂ ಇಡಬಹುದು ಎಂದು ಕೈ ತುಡಿಯುತ್ತದೆ, ಆದರೆ ಮಾತು ನಿಂತ ಮೇಲೂ ಉಳಿದ ಸಾಲು ನೋಡುಗರನ್ನು ಮತ್ತೆ ಓದಲು ಎಳೆಯುತ್ತದೆ. ಎರಡೂ ಕ್ಯಾನ್‌ನಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪಡೆದವು. ಇದಕ್ಕೆ ತದ್ವಿರುದ್ಧ 2021ರಲ್ಲಿ ತೆರೆಕಂಡ ‘ಬೋ ಝಾ’. ಸೈಗಾನ್‌ನ ಓಣಿಯ ಒಂದು ದೊಡ್ಡ ಕುಟುಂಬ, ಅಪ್ಪ, ಮಗ, ಅತ್ತೆ, ಚಿಕ್ಕಪ್ಪಂದಿರು ಒಟ್ಟಿಗೇ ಬಾಯಿ ಮಾಡುತ್ತಾರೆ. ಮೂವರು ಒಮ್ಮೆಲೇ ಮಾತಾಡುವಾಗ ಎರಡೇ ಸಾಲಿನಲ್ಲಿ ಮೂವರನ್ನು ಕೂರಿಸುವ ಉಪಾಯ ಯಾರ ಬಳಿಯೂ ಇಲ್ಲ. ಕ್ಯಾಮೆರಾ ಯಾರ ಮೇಲಿದೆಯೋ ಅವರ ಮಾತು, ಅದಕ್ಕೆ ಉತ್ತರ ಕೊಟ್ಟವರ ಮಾತು ಉಳಿಯುತ್ತದೆ, ಮೂರನೆಯವರದು ಗದ್ದಲವಾಗಿಯೇ ಕೇಳಿಸುತ್ತದೆ. ಯಾರನ್ನು ಬಿಡಬೇಕೆಂದು ತೀರ್ಮಾನಿಸುವ ಮುಂಚೆ ಬಿಟ್ಟವರ ಮಾತನ್ನೂ ಪೂರ್ತಿ ಅನುವಾದಿಸಿ ನೋಡಿರಬೇಕು, ಏಕೆಂದರೆ ಹತ್ತು ನಿಮಿಷದ ನಂತರ ಯಾರಾದರೂ ಅದೇ ಮಾತನ್ನು ಎತ್ತಿ ಆಡಬಹುದು.